ಎರಡು ಚುಕ್ಕಿ ಒಂದಾಗುವುದು ಎಲ್ಲಿ? ರೇಲೀ ಲೆಕ್ಕವನ್ನು ಮನೆ ಮುಂದಿನ ರಸ್ತೆಯಲ್ಲೇ ಮಾಡಿ ನೋಡಿ

ನನಗೆ ಎರಡು ಪ್ರಶ್ನೆ ಮತ್ತೆ ಮತ್ತೆ ಬರುತ್ತವೆ. ಟೆಲಿಸ್ಕೋಪ್ ಕೊಳ್ಳಲು ಹೊರಟವರು ಕೇಳುವುದು: "ಸರ, ಎಷ್ಟ ಪವರಿಂದು ತಗೊಂಡ್ರ ಜೋಡಿ ಚುಕ್ಕಿ ಬ್ಯಾರೆ ಬ್ಯಾರೆ ಕಾಣ್ತಾವ್ರಿ?" ಪಿಯುಸಿ, ಬಿಎಸ್ಸಿ ಹುಡುಗರು ಕೇಳುವುದು: "ಈ 1.22 ಎಲ್ಲಿ ಹಾಕಬೇಕು, ಎಲ್ಲಿ ಬಿಡಬೇಕು?" ಎರಡಕ್ಕೂ ಉತ್ತರ ಒಂದೇ ಸೂತ್ರದಲ್ಲಿದೆ. ಹಲಗೆಯ ಮೇಲೆ ಬರೆದು ತೋರಿಸಿದರೆ ಎಲ್ಲರೂ ತಲೆ ಆಡಿಸುತ್ತಾರೆ. ವಾರ ಕಳೆದರೆ ಅದೇ ಪ್ರಶ್ನೆ ತಿರುಗಿ ಬರುತ್ತದೆ. ಅದಕ್ಕೇ ಈ ಸಲ ಹಲಗೆ ಬಿಟ್ಟು ರಸ್ತೆಗೆ ಇಳಿಯೋಣ. ಹುಬ್ಬಳ್ಳಿಯಲ್ಲಾಗಲಿ ಧಾರವಾಡದಲ್ಲಾಗಲಿ, ಐವತ್ತು ಮೀಟರ್ ನೇರ ದಾರಿ ಇರುವ ಯಾವ ಓಣಿಯಾದರೂ ಸಾಕು.

ಮೊದಲು ಸೂತ್ರದ ಹಿಂದಿನ ಸಂಗತಿ. ನಕ್ಷತ್ರ ಎಷ್ಟೇ ದೂರವಿದ್ದರೂ, ಎಷ್ಟೇ ಸಣ್ಣ ಚುಕ್ಕಿಯಾಗಿದ್ದರೂ ಟೆಲಿಸ್ಕೋಪಿನಲ್ಲಿ ಅದು ಚುಕ್ಕಿಯಾಗಿ ಬೀಳುವುದಿಲ್ಲ. ದುಂಡನೆಯ ಬಾಯಿಯ ಮೂಲಕ ಬಂದ ಬೆಳಕು ಸ್ವಲ್ಪ ಹರಡುತ್ತದೆ. ಇದೇ ವಿವರ್ತನೆ. ಹಾಗೆ ಹರಡಿದ ಬೆಳಕು ಒಂದು ಪುಟ್ಟ ಬಿಲ್ಲೆಯಾಗುತ್ತದೆ, ಅದರ ಸುತ್ತ ಮಸುಕಾದ ಉಂಗುರಗಳು ಇರುತ್ತವೆ. 1835ರಲ್ಲಿ ಜಾರ್ಜ್ ಏರಿ ಇದರ ಲೆಕ್ಕ ಕಟ್ಟಿದ, ಹಾಗಾಗಿ ಆ ಬಿಲ್ಲೆಗೆ ಏರಿ ಡಿಸ್ಕ್ ಎಂಬ ಹೆಸರು. ಎರಡು ನಕ್ಷತ್ರ ಹತ್ತಿರ ಇದ್ದರೆ ಎರಡು ಬಿಲ್ಲೆ ಒಂದರ ಮೇಲೊಂದು ಏರಿ ಕೂರುತ್ತವೆ. ಎಷ್ಟು ಏರಿದರೂ 'ಇನ್ನೂ ಎರಡಿವೆ' ಅಂತ ಹೇಳಬಹುದು? ಇದಕ್ಕೆ ಲಾರ್ಡ್ ರೇಲೀ 1879ರಲ್ಲಿ ಒಂದು ಗೆರೆ ಎಳೆದ. ಒಂದರ ನಡು ಇನ್ನೊಂದರ ಮೊದಲ ಕಪ್ಪು ಉಂಗುರದ ಮೇಲೆ ಬಿದ್ದರೆ ಅದೇ ಗಡಿ.

```
θ = 1.22 λ / D
```

ಇಲ್ಲಿ θ ಅಂದರೆ ಎರಡು ಚುಕ್ಕಿಗಳ ನಡುವಿನ ಕೋನ, ರೇಡಿಯನ್‌ನಲ್ಲಿ. λ ಬೆಳಕಿನ ತರಂಗದೂರ. D ಮುಂದಿನ ಮಸೂರದ ಅಥವಾ ಕನ್ನಡಿಯ ಅಡ್ಡಳತೆ, ಅಂದರೆ ವ್ಯಾಸ. ಬಾಯಿ ದುಂಡಗಿದ್ದರೆ 1.22 ಬರುತ್ತದೆ. ಉದ್ದನೆಯ ಸೀಳು, ಅಂದರೆ ಸ್ಲಿಟ್ ಆಗಿದ್ದರೆ ಆ ಜಾಗದಲ್ಲಿ ಬರೀ 1. ಹುಡುಗರ ಪ್ರಶ್ನೆಗೆ ಅರ್ಧ ಉತ್ತರ ಇಲ್ಲೇ ಮುಗಿಯಿತು.

ಸೂತ್ರದಲ್ಲಿ 'ಪವರ್' ಎಲ್ಲಿದೆ ಹುಡುಕಿ ನೋಡಿ. ಇಲ್ಲ ಅಲ್ವಾ?

ಏನೇನು ಬೇಕು

ಒಂದು ಸಣ್ಣ ಟೆಲಿಸ್ಕೋಪ್ ಬೇಕು. ನಾನು ಇಲ್ಲಿ ಕೊಡುವ ಅಂಕಿಗಳು 70 ಮಿ.ಮೀ. ಮಸೂರದ, 700 ಮಿ.ಮೀ. ಸಂಗಮದೂರದ ಸಾಮಾನ್ಯ ಟೆಲಿಸ್ಕೋಪಿನವು. 10 ಮಿ.ಮೀ. ಮತ್ತು 6 ಮಿ.ಮೀ.ನ ಎರಡು ಐಪೀಸ್ ಇದ್ದರೆ ಒಳ್ಳೆಯದು. ಐಪೀಸ್ ಅಂದರೆ ಕಣ್ಣಿಡುವ ಕಡೆಯ ಮಸೂರ. ಉಳಿದದ್ದು ಮನೆಯಲ್ಲೇ ಸಿಗುತ್ತದೆ: ಅಡುಗೆಮನೆಯ ಅಲ್ಯುಮಿನಿಯಂ ಫಾಯಿಲ್, ಸಣ್ಣ ಹೊಲಿಗೆ ಸೂಜಿ, ಎಲ್ಇಡಿ ಟಾರ್ಚ್, ಒಂದು ತುಂಡು ಟ್ರೇಸಿಂಗ್ ಪೇಪರ್, ಕಪ್ಪು ರಟ್ಟು, ಕಂಪಾಸ್, ಬ್ಲೇಡು, ಸ್ಟೀಲ್ ಪಟ್ಟಿ, ಅಳತೆ ಟೇಪು.

ಲೇಸರ್ ಟಾರ್ಚ್ ಮಾತ್ರ ಬೇಡವೇ ಬೇಡ. ಟೆಲಿಸ್ಕೋಪಿನೊಳಗೆ ನೇರ ಬಂದರೆ ಕಣ್ಣು ಹೋಗುತ್ತದೆ. ಅಲ್ಲದೆ ಲೇಸರ್ ಬೆಳಕಿನ ಎರಡು ಚುಕ್ಕಿಗಳು ಒಂದರ ಜೊತೆ ಒಂದು ಬೆರೆಯುವ ರೀತಿಯೇ ಬೇರೆ, ಅದಕ್ಕೆ ಈ ಸೂತ್ರ ಕೂರುವುದಿಲ್ಲ.

1. ಜೋಡಿ ನಕ್ಷತ್ರ ಮಾಡಿಕೊಳ್ಳಿ

ಹತ್ತಿಪ್ಪತ್ತು ಹಾಳೆಯ ಮೇಲೆ ಫಾಯಿಲ್ ಹಾಸಿ. ಸೂಜಿಯ ಮೊನೆಯನ್ನು ಸುಮ್ನೆ ತಾಗಿಸಿ ತೆಗೆಯಿರಿ. ಒತ್ತಬೇಡಿ. ತೂತು 0.3 ಮಿ.ಮೀ. ಮೀರಬಾರದು. ಪಕ್ಕದಲ್ಲೇ, ಸುಮಾರು ಒಂದು ಮಿಲಿಮೀಟರ್ ದೂರದಲ್ಲಿ ಇನ್ನೊಂದು ತೂತು. ಮೊದಲ ಸಲಕ್ಕೆ ಸರಿ ಬರುವುದಿಲ್ಲ. ಒಂದೇ ಫಾಯಿಲ್ ಮೇಲೆ ಹತ್ತು ಜೋಡಿ ಮಾಡಿ, ಎರಡು ತೂತೂ ಒಂದೇ ಗಾತ್ರ ಇರುವ ಜೋಡಿಯನ್ನು ಆರಿಸಿಕೊಂಡು ಉಳಿದದ್ದಕ್ಕೆ ಕಪ್ಪು ಟೇಪ್ ಹಚ್ಚಿ.

ಈಗ ಅಳತೆ. ಫಾಯಿಲ್ ಹಿಂದೆ ಬೆಳಕಿಟ್ಟು, ಪಕ್ಕದಲ್ಲಿ ಸ್ಟೀಲ್ ಪಟ್ಟಿ ಇಟ್ಟು, ಮೊಬೈಲಿನಲ್ಲಿ ಹತ್ತಿರದಿಂದ ಫೋಟೊ ತೆಗೆಯಿರಿ. ಪರದೆಯ ಮೇಲೆ ಹಿಗ್ಗಿಸಿ ಅಳೆಯಿರಿ. ಅಳೆಯಬೇಕಾದದ್ದು ಒಂದು ತೂತಿನ ನಡುವಿನಿಂದ ಇನ್ನೊಂದರ ನಡುವಿಗೆ. ಅಂಚಿನಿಂದ ಅಂಚಿಗೆ ಅಳೆದರೆ ಲೆಕ್ಕ ಕಾಲು ಭಾಗದಷ್ಟು ತಪ್ಪುತ್ತದೆ. ನನ್ನ ಜೋಡಿ 1.2 ಮಿ.ಮೀ. ಬಂತು.

ಇಲ್ಲಿ ಜಾಸ್ತಿ ಹೊತ್ತು ಕಳೆದರೂ ನಷ್ಟವಿಲ್ಲ. ರಸ್ತೆಯ ಅಳತೆಯಲ್ಲಿ ಒಂದು ಮೀಟರ್ ಆಚೀಚೆ ಆದರೆ ಉತ್ತರ ನೂರಕ್ಕೆ ಎರಡು ಭಾಗ ಕೆಡುತ್ತದೆ. ತೂತಿನ ಅಳತೆಯಲ್ಲಿ 0.1 ಮಿ.ಮೀ. ತಪ್ಪಿದರೆ ನೂರಕ್ಕೆ ಎಂಟು ಭಾಗ ಹೋಯಿತು. ಜನ ರಸ್ತೆಯನ್ನು ಮೂರು ಸಲ ಅಳೆಯುತ್ತಾರೆ, ಫಾಯಿಲ್ ಅನ್ನು ಕಣ್ಣಂದಾಜಿಗೆ ಬಿಡುತ್ತಾರೆ.

ಫಾಯಿಲ್ ಅನ್ನು ಡಬ್ಬಿಯ ಬಾಯಿಗೆ ಕಟ್ಟಿ. ಒಳಗೆ ಟಾರ್ಚ್, ಟಾರ್ಚಿಗೂ ಫಾಯಿಲ್‌ಗೂ ನಡುವೆ ಟ್ರೇಸಿಂಗ್ ಪೇಪರ್. ಪೇಪರ್ ಇಲ್ಲದಿದ್ದರೆ ಒಂದು ತೂತು ಝಗಮಗ, ಇನ್ನೊಂದು ಮಂಕು ಆಗುತ್ತದೆ.

2. ಜಾಗ ಮತ್ತು ಹೊತ್ತು ನೋಡಿಕೊಳ್ಳಿ

ನಸುಕಿನಲ್ಲಿ, ಇನ್ನೂ ಕತ್ತಲಿರುವಾಗ ಮಾಡಿ. ಬೇಸಿಗೆಯ ಸಂಜೆ ನಮ್ಮ ಊರಿನ ಡಾಂಬರು ರಸ್ತೆ, ಗಚ್ಚು, ತಗಡಿನ ಮಾಡು ಎಲ್ಲವೂ ಹಗಲು ಕುಡಿದ ಬಿಸಿಲನ್ನು ಕಾರುತ್ತಿರುತ್ತವೆ. ಆ ಬಿಸಿ ಗಾಳಿಯ ಮೂಲಕ ನೋಡಿದರೆ ಚುಕ್ಕಿ ಕುದಿಯುವ ನೀರಿನ ತಳದಲ್ಲಿದ್ದಂತೆ ಕಾಣುತ್ತದೆ. ಮಣ್ಣಿನ ಅಥವಾ ಹುಲ್ಲಿನ ಮೈದಾನ ಸಿಕ್ಕರೆ ರಸ್ತೆಗಿಂತ ವಾಸಿ. ಡಬ್ಬಿ ಮತ್ತು ಟೆಲಿಸ್ಕೋಪ್ ಎರಡೂ ನೆಲದಿಂದ ಎದೆಮಟ್ಟ ಮೇಲಿರಲಿ. ಕಿಟಕಿಯ ಗಾಜಿನ ಮೂಲಕ ನೋಡಬೇಡಿ.

ಡಬ್ಬಿಯನ್ನು ಪೂರ್ವ ದಿಕ್ಕಿಗೆ ಇಡಬೇಡಿ. ನೋಡುತ್ತಾ ನೋಡುತ್ತಾ ಹೊತ್ತು ಹೋದದ್ದು ಗೊತ್ತಾಗುವುದಿಲ್ಲ. ಸೂರ್ಯ ಟೆಲಿಸ್ಕೋಪಿನೊಳಗೆ ಬಂದರೆ ಕಣ್ಣಿಗೆ ಖಾಯಂ ಹಾನಿ.

ಡಬ್ಬಿಯಿಂದ ಟೆಲಿಸ್ಕೋಪಿನ ಮುಂದಿನ ಮಸೂರದವರೆಗೆ ಟೇಪಿನಲ್ಲಿ ಅಳೆಯಿರಿ. ನನ್ನ ಜಾಗದಲ್ಲಿ 48 ಮೀಟರ್ ಆಯಿತು. ಇಷ್ಟು ಹತ್ತಿರದ ವಸ್ತುವಿಗೆ ಫೋಕಸ್ ಮಾಡಲು ಐಪೀಸ್ ಆಕಾಶ ನೋಡುವಾಗ ಇರುವುದಕ್ಕಿಂತ ಸುಮಾರು 10 ಮಿ.ಮೀ. ಹಿಂದಕ್ಕೆ ಬರಬೇಕು. ಬಹುತೇಕ ಟೆಲಿಸ್ಕೋಪ್‌ಗಳಲ್ಲಿ ಅಷ್ಟು ಜಾಗ ಇರುತ್ತದೆ.

3. ಮೊದಲು ಲೆಕ್ಕ, ಆಮೇಲೆ ನೋಟ

ಉತ್ತರ ನೋಡಿ ಲೆಕ್ಕ ಮಾಡಿದರೆ ಮನಸ್ಸು ಕಣ್ಣಿಗೆ ಮೋಸ ಮಾಡುತ್ತದೆ. ಮೊದಲೇ ಬರೆದಿಡಿ. ಎಲ್ಲ ಅಳತೆಯನ್ನೂ ಮಿಲಿಮೀಟರಿಗೆ ತಂದುಕೊಂಡರೆ ಘಾತಗಳ ಗೋಜಲು ಇರುವುದಿಲ್ಲ. ಬಿಳಿ ಬೆಳಕಿನಲ್ಲಿ ನಮ್ಮ ಕಣ್ಣಿಗೆ ಜಾಸ್ತಿ ನಾಟುವುದು ಹಸಿರು, ಹಾಗಾಗಿ λ = 550 ನ್ಯಾನೋಮೀಟರ್, ಅಂದರೆ 0.00055 ಮಿ.ಮೀ.

```
θ = 1.2 / 48000 = 0.000025 rad
D = 1.22 × 0.00055 / 0.000025 = 26.8 mm
```

ಅಂದರೆ ಟೆಲಿಸ್ಕೋಪಿನ ಬಾಯಿ 27 ಮಿ.ಮೀ. ಇದ್ದಾಗ ಈ ಜೋಡಿ ಸರಿಯಾಗಿ ಗಡಿಯ ಮೇಲೆ ನಿಲ್ಲಬೇಕು.

ಎಡವುವ ಜಾಗ ಎರಡು. ಒಂದು, D ಅಂದರೆ ವ್ಯಾಸ, ತ್ರಿಜ್ಯವಲ್ಲ. ಎರಡು, θ ರೇಡಿಯನ್‌ನಲ್ಲೇ ಇರಬೇಕು. ಆಕಾಶದ ಪಟ್ಟಿಗಳಲ್ಲಿ ಕೋನವನ್ನು ಆರ್ಕ್‌ಸೆಕೆಂಡ್‌ನಲ್ಲಿ ಕೊಡುತ್ತಾರೆ. ಒಂದು ಡಿಗ್ರಿಯನ್ನು 3600 ಭಾಗ ಮಾಡಿದರೆ ಒಂದು ಭಾಗ ಒಂದು ಆರ್ಕ್‌ಸೆಕೆಂಡ್. ರೇಡಿಯನ್ ಅನ್ನು 206265ರಿಂದ ಗುಣಿಸಿದರೆ ಆರ್ಕ್‌ಸೆಕೆಂಡ್ ಸಿಗುತ್ತದೆ. ನಮ್ಮ ಜೋಡಿ 5.16 ಆರ್ಕ್‌ಸೆಕೆಂಡ್. ಇಷ್ಟೆಲ್ಲ ಪ್ರತಿ ಸಲ ಮಾಡುವುದು ಬೇಸರ ಅನಿಸಿದರೆ ಹಸಿರು ಬೆಳಕಿಗೆ ಈ ಅಡ್ಡದಾರಿ ನೆನಪಿಡಿ: 138ನ್ನು ಮಿ.ಮೀ.ನಲ್ಲಿರುವ ವ್ಯಾಸದಿಂದ ಭಾಗಿಸಿದರೆ ನೇರ ಆರ್ಕ್‌ಸೆಕೆಂಡ್ ಬರುತ್ತದೆ.

4. ಬಾಯಿ ಕಿರಿದು ಮಾಡುತ್ತಾ ಹೋಗಿ

ಕಪ್ಪು ರಟ್ಟಿನಲ್ಲಿ 40, 34, 27, 22, 18 ಮಿ.ಮೀ. ವ್ಯಾಸದ ದುಂಡನೆಯ ಕಿಂಡಿ ಕತ್ತರಿಸಿ. ಒಂದೊಂದೇ ರಟ್ಟನ್ನು ಟೆಲಿಸ್ಕೋಪಿನ ಮುಂದೆ, ಕಿಂಡಿ ಮಸೂರದ ನಡುವಿಗೆ ಬರುವಂತೆ ಇಡಿ. ನಿಮ್ಮದು ಕನ್ನಡಿ ಟೆಲಿಸ್ಕೋಪ್ ಆಗಿದ್ದರೆ ನಡುವಿನಲ್ಲಿ ಸಣ್ಣ ಕನ್ನಡಿ ಅಡ್ಡ ಇರುತ್ತದೆ. ಆಗ ಕಿಂಡಿಯನ್ನು ಒಂದು ಪಕ್ಕಕ್ಕೆ ಮಾಡಿ, ಇಲ್ಲದಿದ್ದರೆ ಆ ಅಡ್ಡವೇ ಕಿಂಡಿಯನ್ನು ಮುಚ್ಚುತ್ತದೆ.

10 ಮಿ.ಮೀ. ಐಪೀಸ್ ಹಾಕಿ. 700ನ್ನು 10ರಿಂದ ಭಾಗಿಸಿದರೆ 70 ಪಟ್ಟು. ರಟ್ಟು ಇಲ್ಲದೆ ಮೊದಲು ಚೆನ್ನಾಗಿ ಫೋಕಸ್ ಮಾಡಿ. ಎರಡು ಸೂಜಿಮೊನೆ, ನಡುವೆ ಅಗಲವಾದ ಕತ್ತಲು. ಈಗ 40ರ ರಟ್ಟು. ಎರಡೂ ಸ್ವಲ್ಪ ದಪ್ಪ ಆಗುತ್ತವೆ, ಆದರೂ ನಡುವೆ ಕಪ್ಪು ಸಂದು ಖಚಿತ. 34ರಲ್ಲಿ ಸಂದು ಸಪೂರ. 27ರಲ್ಲಿ ಎರಡು ಬಿಲ್ಲೆ ಮೈಗೆ ಮೈ ತಾಗಿಸಿ ನಿಲ್ಲುತ್ತವೆ, ಅಡ್ಡ ಮಲಗಿಸಿದ 8ರ ಹಾಗೆ. ಸಂದು ಕಪ್ಪಾಗಿರುವುದಿಲ್ಲ, ಬೂದು. ಲೆಕ್ಕದ ಪ್ರಕಾರ ಗಡಿಯಲ್ಲಿ ನಡುವಿನ ಬೆಳಕು ತುದಿಯ ಬೆಳಕಿಗಿಂತ ಸುಮಾರು ನೂರಕ್ಕೆ 26 ಭಾಗ ಕಮ್ಮಿ, ಅಷ್ಟೇ. ಪೂರ್ತಿ ಕತ್ತಲು ಹುಡುಕಿದವರು 'ಬಿಡಿಸಿ ಕಾಣಲಿಲ್ಲ' ಅಂತ ಬರೆದುಬಿಡುತ್ತಾರೆ. ಹುಡುಕಬೇಕಾದದ್ದು ಆ ಬೂದು ಸೊಂಟ.

22ಕ್ಕೆ ಬನ್ನಿ. ಸೊಂಟ ಬಹುತೇಕ ಮಾಯ, ಶೇಂಗಾಕಾಯಿ ತರ ಆಗುತ್ತದೆ. ಪಳಗಿದ ಕಣ್ಣು ಇಲ್ಲೂ 'ಎರಡು' ಅನ್ನಬಹುದು. ತಪ್ಪಲ್ಲ. ರೇಲೀ ಎಳೆದ ಗೆರೆ ಒಂದು ಒಪ್ಪಂದ, ಅದನ್ನು ದಾಟಿದ ಕ್ಷಣ ಪ್ರಕೃತಿ ಪರದೆ ಎಳೆಯುವುದಿಲ್ಲ. ಜೋಡಿ ನಕ್ಷತ್ರ ನೋಡುವವರು ಡಾವ್ಸ್ ಎಂಬಾತ ನೋಡಿ ನೋಡಿ ಕಂಡುಕೊಂಡ ಇನ್ನೊಂದು ಅಂಕಿ ಬಳಸುತ್ತಾರೆ, 138ರ ಬದಲು 116. ನಮ್ಮ ಜೋಡಿಗೆ ಅದು 22.5 ಮಿ.ಮೀ. ಕೊಡುತ್ತದೆ, ಅಂದರೆ ಈ ಶೇಂಗಾಕಾಯಿ ಹಂತ. ಪರೀಕ್ಷೆಯಲ್ಲಿ ಮಾತ್ರ ರೇಲೀ ಅಂತ ಕೇಳಿದ್ದರೆ 1.22ನ್ನೇ ಹಾಕಿ.

18ರಲ್ಲಿ ಕಥೆ ಮುಗಿಯಿತು. ತುಸು ಉದ್ದನೆಯ ಒಂದೇ ಉಂಡೆ.

5. ಈಗ ಪವರ್ ಹೆಚ್ಚಿಸಿ ನೋಡಿ

ಈ ಹಂತ ಬಿಡಬೇಡಿ, ಇದಕ್ಕಾಗಿಯೇ ಇಷ್ಟೆಲ್ಲ. 18ರ ರಟ್ಟು ಹಾಗೇ ಇರಲಿ. 10ರ ಐಪೀಸ್ ತೆಗೆದು 6ರದು ಹಾಕಿ. ಈಗ 117 ಪಟ್ಟು. ಏನಾಯಿತು? ಉಂಡೆ ದೊಡ್ಡದಾಯಿತು, ಮಂಕಾಯಿತು. ಎರಡಾಗಲಿಲ್ಲ. ನೀರು ಬೆರೆಸಿದ ಹಾಲನ್ನು ದೊಡ್ಡ ಲೋಟಕ್ಕೆ ಸುರಿದರೆ ಗಟ್ಟಿ ಆಗುತ್ತದೆಯೇ?

ಈಗ ರಟ್ಟು ತೆಗೆಯಿರಿ, ಅದೇ ಐಪೀಸ್. ತಟ್ಟನೆ ಎರಡು ಚುಕ್ಕಿ.

ಅಂಗಡಿಯ ಡಬ್ಬಿಗಳ ಮೇಲೆ '525X' ಅಂತ ದೊಡ್ಡದಾಗಿ ಬರೆದಿರುತ್ತದೆ. ಅದು ಎಲ್ಲಿಂದ ಬಂತು ಅಂದರೆ, 700ನ್ನು 4 ಮಿ.ಮೀ. ಐಪೀಸಿನಿಂದ ಭಾಗಿಸಿ 175, ಅದರ ಹಿಂದೆ ಮೂರು ಪಟ್ಟು ಹಿಗ್ಗಿಸುವ ಬಾರ್ಲೋ ಮಸೂರ. ಗುಣಾಕಾರ ಸರಿ ಇದೆ. ಉಪಯೋಗವಿಲ್ಲ. 70 ಮಿ.ಮೀ. ಮಸೂರದ ಗಡಿ ಸುಮಾರು 2 ಆರ್ಕ್‌ಸೆಕೆಂಡ್. ನಮ್ಮ ಕಣ್ಣಿಗೆ ಎರಡು ಚುಕ್ಕಿ ಆರಾಮಾಗಿ ಬೇರೆ ಕಾಣಲು 240 ಆರ್ಕ್‌ಸೆಕೆಂಡ್ ಕೊಟ್ಟರೆ ಧಾರಾಳ. 240 ಭಾಗಿಸು 2, ಅಂದರೆ 120 ಪಟ್ಟು. ಅಷ್ಟರಲ್ಲಿ ಮಸೂರ ಕೊಡಬಹುದಾದದ್ದನ್ನೆಲ್ಲ ಕೊಟ್ಟಿರುತ್ತದೆ. ಆಚೆಗೆ ಹಿಗ್ಗುವುದು ಬರೀ ಮಸುಕು. ಹಾಗಂತ ಪವರ್ ತೀರಾ ಕಮ್ಮಿಯೂ ಆಗಬಾರದು. 20 ಪಟ್ಟಿನಲ್ಲಿ ನಮ್ಮ ಜೋಡಿ ಕಣ್ಣಿಗೆ ನೂರು ಆರ್ಕ್‌ಸೆಕೆಂಡ್ ಅಷ್ಟೇ ಆಗಿ ಕಾಣುತ್ತದೆ. ಮಸೂರ ಬಿಡಿಸಿಕೊಟ್ಟರೂ ಕಣ್ಣು ಹಿಡಿಯುವುದು ಕಷ್ಟ.

6. ಬಣ್ಣ ಬದಲಿಸಿ

ಸಮಯವಿದ್ದರೆ ಇದನ್ನೂ ಮಾಡಿ. ಬಣ್ಣದ ಜಿಲೆಟಿನ್ ಪೇಪರ್ ಹಚ್ಚಬೇಡಿ, ನೀಲಿ ಪೇಪರಿನಲ್ಲಿ ಕೆಂಪೂ ಸೋರುತ್ತದೆ. ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಸಿಗುವ ಬಿಡಿ ಎಲ್ಇಡಿ ತನ್ನಿ, ಒಂದು ಕೆಂಪು, ಒಂದು ನೀಲಿ. ಕೆಂಪು ಸುಮಾರು 630 ನ್ಯಾನೋಮೀಟರ್, ನೀಲಿ ಸುಮಾರು 465. ಅದೇ ಸೂತ್ರದಲ್ಲಿ ಹಾಕಿದರೆ ಕೆಂಪಿಗೆ 31 ಮಿ.ಮೀ. ಬಾಯಿ ಬೇಕು, ನೀಲಿಗೆ 23 ಸಾಕು. 27ರ ರಟ್ಟು ಇಟ್ಟರೆ ಕೆಂಪಿನಲ್ಲಿ ಸೊಂಟ ಕರಗುತ್ತದೆ, ನೀಲಿಯಲ್ಲಿ ತೆಳ್ಳಗೆ ಸ್ಪಷ್ಟವಾಗುತ್ತದೆ. ಬಣ್ಣ ಬದಲಿಸಿದಾಗಲೆಲ್ಲ ಹೊಸದಾಗಿ ಫೋಕಸ್ ಮಾಡಲೇಬೇಕು. ಅದನ್ನು ಮರೆತು 'ನೀಲಿಯಲ್ಲಿ ಇನ್ನೂ ಕೆಟ್ಟದಾಗಿ ಕಾಣ್ತು, ಸೂತ್ರ ತಪ್ಪು' ಅಂದವರಿದ್ದಾರೆ.

ಅಂಕಿ ತಾಳೆಯಾಗದಿದ್ದರೆ

27ರ ಬದಲು 40ರಲ್ಲೇ ಒಂದಾಗಿಬಿಟ್ಟರೆ ಎರಡು ಅನುಮಾನ: ಗಾಳಿ ಅಥವಾ ಫೋಕಸ್. ಗಾಳಿಯ ತೊಂದರೆ ಒಂದೇ ಕಡೆ ನಿಲ್ಲುವುದಿಲ್ಲ. ಉಂಡೆ ಕ್ಷಣಕ್ಕೊಂದು ಆಕಾರ ತಾಳುತ್ತದೆ, ಆಗಾಗ ಒಂದು ಕ್ಷಣ ಎರಡಾಗಿ ಮತ್ತೆ ಸೇರುತ್ತದೆ. ವಿವರ್ತನೆಯ ಮಸುಕು ಹಾಗಲ್ಲ, ಫೋಟೊದಂತೆ ಅಲುಗದೆ ನಿಂತಿರುತ್ತದೆ, ಸುತ್ತ ತೆಳುವಾದ ಉಂಗುರವೂ ಕಾಣಬಹುದು. ಫೋಕಸ್ ತಪ್ಪಿದ್ದರೆ ಗುಬುಟನ್ನು ಆಚೀಚೆ ತಿರುಗಿಸಿದಾಗ ಉಂಡೆ ಚಿಕ್ಕದಾಗುತ್ತದೆ. ಅತಿ ಚಿಕ್ಕದಾದ ಕಡೆ ನಿಲ್ಲಿಸಿ.

ಸಣ್ಣ ಕಿಂಡಿ ಇಟ್ಟಾಗ ಎಳೆಎಳೆಯಾಗಿ ಏನೋ ತೇಲಿದಂತೆ ಕಂಡರೆ ಮಸೂರ ಒರೆಸಲು ಹೋಗಬೇಡಿ. ಅದು ನಿಮ್ಮ ಕಣ್ಣೊಳಗಿನ ತುಣುಕುಗಳ ನೆರಳು. ಐಪೀಸಿನಿಂದ ಹೊರಬರುವ ಬೆಳಕಿನ ಕಂಬ ಅರ್ಧ ಮಿಲಿಮೀಟರಿಗಿಂತ ಸಪೂರ ಆದಾಗ ಅವು ಎದ್ದು ಕಾಣುತ್ತವೆ.

7. ಅದೇ ರಟ್ಟಿನಿಂದ ಆಕಾಶ ಅಳೆಯಿರಿ

ಏಪ್ರಿಲ್, ಮೇ ತಿಂಗಳ ರಾತ್ರಿ, ಮಳೆಮೋಡ ಬರುವ ಮೊದಲು, ಚಿತ್ರಾ ನಕ್ಷತ್ರ ಹುಡುಕಿ. ಅಲ್ಲಿಂದ ವಾಯವ್ಯಕ್ಕೆ, ಕೈ ಚಾಚಿ ಹಿಡಿದ ಮುಷ್ಟಿಯಲ್ಲಿ ಒಂದೂವರೆ ಮುಷ್ಟಿ ದೂರದಲ್ಲಿ ಪೋರಿಮಾ ಇದೆ. ಬರಿಗಣ್ಣಿಗೆ ಒಂದು, ನಿಜದಲ್ಲಿ ಎರಡು. ಎರಡರ ಹೊಳಪೂ ಬಹುತೇಕ ಒಂದೇ, ಹಾಗಾಗಿ ರೇಲೀ ಲೆಕ್ಕಕ್ಕೆ ಇದಕ್ಕಿಂತ ಒಳ್ಳೆಯ ಜೋಡಿ ಸಿಗುವುದು ಕಷ್ಟ. ನಮ್ಮ ಅಕ್ಷಾಂಶದಲ್ಲಿ ಇದು 70 ಡಿಗ್ರಿಗೂ ಮೇಲೇರುತ್ತದೆ, ನಡುವಿನ ಗಾಳಿ ಕಮ್ಮಿ.

ಈಗ ಲೆಕ್ಕವನ್ನು ತಿರುವಿ ಹಾಕಿ. 55, 50, 45, 40, 35 ಮಿ.ಮೀ. ರಟ್ಟು ಮಾಡಿ, ಬೂದು ಸೊಂಟ ಯಾವುದರಲ್ಲಿ ಬಂತು ನೋಡಿ. 40ರಲ್ಲಿ ಬಂತು ಅಂದುಕೊಳ್ಳಿ. 138 ಭಾಗಿಸು 40, ಅಂದರೆ ಎರಡರ ನಡುವೆ ಸುಮಾರು 3.5 ಆರ್ಕ್‌ಸೆಕೆಂಡ್. ರಟ್ಟೇ ನಿಮ್ಮ ಅಳತೆಪಟ್ಟಿ. ಈ ಎರಡು ನಕ್ಷತ್ರ ಸುಮಾರು 169 ವರ್ಷಕ್ಕೊಮ್ಮೆ ಒಂದನ್ನೊಂದು ಸುತ್ತುತ್ತವೆ. 2005ರ ಸುಮಾರಿಗೆ ಅವು ತೀರಾ ಹತ್ತಿರ ಬಂದು ಸುಮಾರು 0.4 ಆರ್ಕ್‌ಸೆಕೆಂಡ್ ಅಂತರದಲ್ಲಿದ್ದವು. ಆಗ ಬಿಡಿಸಿ ನೋಡಲು 345 ಮಿ.ಮೀ. ಬಾಯಿ ಬೇಕಿತ್ತು. ಈಗ ದೂರ ಸರಿಯುತ್ತಿವೆ.

ಎಲ್ಲ ಜೋಡಿಗೂ ಇದೇ ಲೆಕ್ಕ ಹಾಕಲು ಹೋಗಬೇಡಿ. ಲುಬ್ಧಕಕ್ಕೂ ಒಂದು ಜೊತೆಗಾರ ಇದೆ, ದೂರ ಸುಮಾರು 11 ಆರ್ಕ್‌ಸೆಕೆಂಡ್. ಸೂತ್ರ ಕೇಳಿದರೆ 13 ಮಿ.ಮೀ. ಬಾಯಿ ಸಾಕು ಅನ್ನುತ್ತದೆ. ನಿಮ್ಮ 70 ಮಿ.ಮೀ.ನಲ್ಲಿ ಅದು ಕಾಣುವುದಿಲ್ಲ. ಲುಬ್ಧಕ ಅದಕ್ಕಿಂತ ಸುಮಾರು ಹತ್ತು ಸಾವಿರ ಪಟ್ಟು ಪ್ರಕಾಶ, ಆ ಝಳದಲ್ಲಿ ಪಕ್ಕದ ಮಿಣುಕು ಮುಚ್ಚಿಹೋಗುತ್ತದೆ. ರೇಲೀ ಗೆರೆ ಸಮಾನ ಹೊಳಪಿನ ಜೋಡಿಗೆ ಮಾತ್ರ.

ಮೈಕ್ರೋಸ್ಕೋಪ್ ಇದ್ದವರಿಗೆ

ಇಲ್ಲಿ ಕೋನದ ಬದಲು ನೇರ ದೂರ ಬೇಕು, ಆದ್ದರಿಂದ ಸೂತ್ರದ ಮುಖ ಬದಲಾಗುತ್ತದೆ.

```
d = 0.61 λ / NA
```

0.61 ಅಂದರೆ 1.22ರ ಅರ್ಧ, ಹೊಸ ಅಂಕಿ ಏನಲ್ಲ. NA ಅಂದರೆ ಮಸೂರ ಎಷ್ಟು ಅಗಲದ ಕೋನದಿಂದ ಬೆಳಕು ಹಿಡಿಯುತ್ತದೆ ಎನ್ನುವ ಅಳತೆ. ಲೆಕ್ಕ ಹಾಕಬೇಕಿಲ್ಲ, ಕೆಳಗಿನ ಮಸೂರದ ಮೈಮೇಲೆ ಅಚ್ಚಾಗಿರುತ್ತದೆ. ಕಾಲೇಜು ಲ್ಯಾಬಿನ 10X ಮೇಲೆ ಸಾಮಾನ್ಯವಾಗಿ 0.25, 40X ಮೇಲೆ 0.65. ಹಸಿರು ಬೆಳಕಿಗೆ ಮೊದಲನೆಯದರ ಗಡಿ 1.34 ಮೈಕ್ರಾನ್, ಎರಡನೆಯದು 0.52. ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ.

ಮನೆಯ ಮೊಸರನ್ನು ನೀರಲ್ಲಿ ಕದಡಿ, ಗಾಜಿನ ಮೇಲೆ ತೆಳ್ಳಗೆ ಸವರಿ, ಒಣಗಿಸಿ, ಮಿಥಿಲೀನ್ ಬ್ಲೂ ಹಾಕಿ ತೊಳೆದು ನೋಡಿ. ಮೊಸರಿನ ದುಂಡು ಬ್ಯಾಕ್ಟೀರಿಯಾ ಸರ ಪೋಣಿಸಿದಂತೆ ಇರುತ್ತವೆ, ಒಂದೊಂದು ಮಣಿ ಸುಮಾರು ಒಂದು ಮೈಕ್ರಾನ್. 10Xನಲ್ಲಿ ಅದು ಬರೀ ನೀಲಿ ದಾರ. ಐಪೀಸ್ ಎಷ್ಟು ಬದಲಿಸಿದರೂ ದಾರವೇ. 40Xಗೆ ತಿರುಗಿಸಿದರೆ ಮಣಿ ಬಿಡಿಬಿಡಿ.

40Xನಲ್ಲೂ ಮಣಿ ಕಾಣದಿದ್ದರೆ ಸ್ಲೈಡಿನ ಕೆಳಗಿರುವ ಕಂಡೆನ್ಸರ್ ನೋಡಿ, ಬೆಳಕನ್ನು ಒಟ್ಟುಗೂಡಿಸುವ ಮಸೂರ ಅದು. ಅದರ ಪರದೆ, ಅಂದರೆ ಡಯಾಫ್ರಮ್, ಯಾರೋ ಪೂರ್ತಿ ಮುಚ್ಚಿಟ್ಟಿರುತ್ತಾರೆ. ಮುಚ್ಚಿದರೆ ಚಿತ್ರ ಗಾಢವಾಗಿ ಕಾಣುತ್ತದೆ, ಅದಕ್ಕೇ ಎಲ್ಲರೂ ಮುಚ್ಚುತ್ತಾರೆ. ಆದರೆ ಅಗಲ ಕೋನದ ಬೆಳಕು ಅಲ್ಲೇ ಕಡಿದುಹೋಗುತ್ತದೆ. ಟೆಲಿಸ್ಕೋಪಿನ ಮುಂದೆ 18ರ ರಟ್ಟು ಇಟ್ಟ ಹಾಗೇ ಇದು. ಮುಕ್ಕಾಲು ಭಾಗ ತೆರೆದು, ಫೋಕಸ್ ಸರಿ ಮಾಡಿ, ಮತ್ತೆ ನೋಡಿ.